ಸಂಜೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ ಎನ್ನುವವರ ನಿದ್ದೆಯೂ ಕೆಡುತ್ತದೆಯೇ?

ಹಾಸನ ಜಿಲ್ಲೆಯಲ್ಲಿ ಸಂಜೆ ನಾಲ್ಕೂವರೆಗೆ ಯಾರ ಮನೆಗೆ ಹೋದರೂ ಕಾಫಿ ತಪ್ಪಿಸಿಕೊಳ್ಳುವುದು ಕಷ್ಟ. ಸಕಲೇಶಪುರ, ಬೇಲೂರು, ಆಲೂರಿನ ಕಡೆ ತೋಟದಲ್ಲೇ ಕಾಫಿ. ಚನ್ನರಾಯಪಟ್ಟಣದಂಥ ತೆಂಗು-ರಾಗಿಯ ಬಯಲಲ್ಲಿ ಬೆಳೆ ಇಲ್ಲದಿದ್ದರೂ ಲೋಟ ಇದೆ. ಬೇಡ ಅಂದರೆ "ಯಾಕೆ, ನಿದ್ದೆ ಬರಲ್ವಾ?" ಎಂದು ಕೇಳುತ್ತಾರೆ. ಹಿಂದೆಯೇ ಮನೆಯ ಹಿರಿಯರೊಬ್ಬರು, "ನಾನು ರಾತ್ರಿ ಊಟ ಆದ್ಮೇಲೂ ಕುಡೀತೀನಿ, ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ" ಎನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೆಫೀನ್ ನಿದ್ದೆಗೆ ಏನು ಮಾಡಿದೆ ಎಂಬುದಕ್ಕೆ "ನಿದ್ದೆ ಬಂತು" ಎನ್ನುವುದು ಉತ್ತರವಲ್ಲ. ದಿನವಿಡೀ ದುಡಿದು ದಣಿದವರಿಗೆ ಕೆಫೀನ್ ಇದ್ದರೂ ಕಣ್ಣು ಮುಚ್ಚುತ್ತದೆ. ಕೆಡುವುದು ಆಮೇಲೆ. ಗಾಢ ನಿದ್ದೆ ಕಡಿಮೆಯಾಗುತ್ತದೆ, ನಡುರಾತ್ರಿ ಎಚ್ಚರವಾಗುವುದು ಹೆಚ್ಚುತ್ತದೆ, ಒಟ್ಟು ನಿದ್ದೆಯ ಹೊತ್ತು ಇಳಿಯುತ್ತದೆ. ಎಚ್ಚರವಾದವರು ಅದಕ್ಕೆ ಕಾರಣ ಸೊಳ್ಳೆ, ಸೆಕೆ, ವಯಸ್ಸು ಅಂದುಕೊಳ್ಳುತ್ತಾರೆಯೇ ಹೊರತು ಒಂಬತ್ತು ಗಂಟೆ ಹಿಂದೆ ಕುಡಿದ ಲೋಟದ ನೆನಪು ಯಾರಿಗೂ ಬರುವುದಿಲ್ಲ.

ಕುಡಿದವರಿಗೇ ಗೊತ್ತಾಗುವುದಿಲ್ಲ

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಪ್ರಯೋಗ 2013ರದು, ಅಮೆರಿಕದ ಡೆಟ್ರಾಯಿಟ್‌ನದು. ಕ್ರಿಸ್ಟೊಫರ್ ಡ್ರೇಕ್ ಮತ್ತು ಸಂಗಡಿಗರು ಚೆನ್ನಾಗಿ ನಿದ್ದೆ ಮಾಡುವ 12 ಜನರಿಗೆ 400 ಮಿಲಿಗ್ರಾಂ ಕೆಫೀನ್ ಮಾತ್ರೆಯನ್ನು ಬೇರೆ ಬೇರೆ ದಿನ ಮಲಗುವ ಹೊತ್ತಿಗೆ, ಮೂರು ಗಂಟೆ ಮೊದಲು ಮತ್ತು ಆರು ಗಂಟೆ ಮೊದಲು ಕೊಟ್ಟರು. ಉಳಿದ ಹೊತ್ತಿನಲ್ಲಿ ಕೊಟ್ಟದ್ದು ಕೆಫೀನ್ ಇಲ್ಲದ ಹುಸಿ ಮಾತ್ರೆ. ಆರು ಗಂಟೆ ಮೊದಲು ತೆಗೆದುಕೊಂಡಾಗಲೂ ನಿದ್ದೆ ಅಳೆಯುವ ಯಂತ್ರದ ಪ್ರಕಾರ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹೋಗಿತ್ತು. ಅದೇ ಜನ ಬೆಳಿಗ್ಗೆ ಎದ್ದು ಬರೆದ ಡೈರಿಯಲ್ಲಿ ಈ ನಷ್ಟ ಸ್ಪಷ್ಟವಾಗಿ ಕಾಣಲಿಲ್ಲ. ನಿದ್ದೆ ಹೋಗಿತ್ತು, ಹೋದದ್ದು ಅವರಿಗೆ ತಿಳಿದಿರಲಿಲ್ಲ.

ಆದರೆ 400 ಮಿಲಿಗ್ರಾಂ ಎಂದರೆ ನಮ್ಮ ಮನೆಯ ಕಾಫಿಯ ನಾಲ್ಕೈದು ಲೋಟ, ಅದೂ ಒಂದೇ ಸಲಕ್ಕೆ. ಅದನ್ನು ತೋರಿಸಿ "ಮಧ್ಯಾಹ್ನದ ಮೇಲೆ ಒಂದು ತೊಟ್ಟೂ ಬೇಡ" ಎನ್ನುವುದು ಅತಿಯಾಯಿತು. 2024ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಮಾಣವನ್ನೂ ಸಮಯವನ್ನೂ ಎರಡನ್ನೂ ಬದಲಿಸಿ ನೋಡಿದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದವರು 23 ಯುವಕರು. 100 ಮಿಲಿಗ್ರಾಂ ಕೆಫೀನ್ ಮಲಗುವ ನಾಲ್ಕು ಗಂಟೆ ಮೊದಲಿನವರೆಗೂ ಗಮನಾರ್ಹ ತೊಂದರೆ ಮಾಡಲಿಲ್ಲ. 400 ಮಿಲಿಗ್ರಾಂ ಮಾತ್ರ ಹನ್ನೆರಡು ಗಂಟೆ ಮೊದಲು ತೆಗೆದುಕೊಂಡರೂ ನಿದ್ದೆಯನ್ನು ಕೆಡಿಸಿತು.

ಹಾಗಾಗಿ "ಎಷ್ಟು ಗಂಟೆಗೆ ನಿಲ್ಲಿಸಬೇಕು" ಎಂಬ ಪ್ರಶ್ನೆಗೆ ಗಡಿಯಾರ ಒಂದೇ ಉತ್ತರ ಕೊಡಲಾರದು. ಎಷ್ಟು ಕುಡಿದಿರಿ ಎಂಬುದೂ ಬೇಕು, ಕುಡಿದವರು ಯಾರು ಎಂಬುದೂ ಬೇಕು. ಪ್ರಯೋಗದಲ್ಲಿದ್ದ ಯುವಕರ ಲೆಕ್ಕ ಐವತ್ತು ದಾಟಿದವರಿಗೆ ಹಾಗೇ ಹೊಂದುತ್ತದೆ ಎನ್ನುವಂತಿಲ್ಲ. ವಯಸ್ಸಾದಂತೆ ನಿದ್ದೆ ತಾನಾಗಿಯೇ ಹಗುರವಾಗುತ್ತದೆ, ಹಗುರ ನಿದ್ದೆಯನ್ನು ಕೆಡಿಸಲು ಕಡಿಮೆ ಕೆಫೀನ್ ಸಾಕು.

ಆರೇಳು ಗಂಟೆ ಆದ ಮೇಲೂ ಹೇಗೆ?

ಎಚ್ಚರವಾಗಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ಮಂಪರು ಬರುತ್ತದೆ. ಕೆಫೀನ್‌ನ ಆಕಾರ ಅಡೆನೊಸಿನ್‌ಗೆ ಎಷ್ಟು ಹತ್ತಿರ ಎಂದರೆ ಅದೇ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ. ಕೂತು ಕೆಲಸ ಮಾಡುವುದಿಲ್ಲ, ಅಡೆನೊಸಿನ್‌ಗೆ ಜಾಗವನ್ನೂ ಬಿಡುವುದಿಲ್ಲ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ತಲುಪಿರುವುದಿಲ್ಲ ಅಷ್ಟೇ.

ಕುಡಿದ ಮುಕ್ಕಾಲು ಗಂಟೆಯೊಳಗೆ ಕೆಫೀನ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಆಮೇಲೆ ಯಕೃತ್ತು ಅದನ್ನು ಒಡೆಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು 5 ಗಂಟೆಗೆ ಅರ್ಧ ಖಾಲಿಯಾಗುತ್ತದೆ, ಉಳಿದ ಅರ್ಧದಲ್ಲಿ ಅರ್ಧಕ್ಕೆ ಇನ್ನೂ 5 ಗಂಟೆ. ಇದನ್ನು ಅರ್ಧಾಯು ಎನ್ನುತ್ತಾರೆ. ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ಎಚ್ಚರದ ಚುರುಕು ಎರಡು ಗಂಟೆಗೆ ಇಳಿದಂತೆ ಅನಿಸುತ್ತದೆ, ಕಾಫಿಯೂ ಮುಗಿಯಿತು ಎಂದುಕೊಳ್ಳುತ್ತೇವೆ. ಚುರುಕು ಇಳಿದರೂ ಕೆಫೀನ್ ಇಳಿದಿರುವುದಿಲ್ಲ.

ಈ 5 ಗಂಟೆ ಎಂಬುದು ಸರಾಸರಿ. ಕೆಲವರಲ್ಲಿ ಎರಡು-ಮೂರು ಗಂಟೆ, ಕೆಲವರಲ್ಲಿ ಎಂಟು-ಒಂಬತ್ತು. ಯಕೃತ್ತಿನಲ್ಲಿ ಕೆಫೀನ್ ಒಡೆಯುವ ಕಿಣ್ವ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ವೇಗ. ಬೀಡಿ-ಸಿಗರೇಟು ಸೇದುವವರಲ್ಲಿ ಅದು ಬೇಗ ಕೆಲಸ ಮಾಡುತ್ತದೆ, ಅರ್ಧಾಯು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದರಲ್ಲೊಂದು ತಮಾಷೆಯಲ್ಲದ ತಮಾಷೆ ಇದೆ. ಸಿಗರೇಟು ಬಿಟ್ಟವರು ಮೊದಲಿನಷ್ಟೇ ಕಾಫಿ ಕುಡಿಯುತ್ತಿದ್ದರೆ ಮೈಯಲ್ಲಿ ಕೆಫೀನ್ ಹೆಚ್ಚಾಗುತ್ತದೆ, ಆಗ ಬರುವ ಚಡಪಡಿಕೆ, ನಿದ್ದೆಗೇಡನ್ನೆಲ್ಲ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೆ ಹಾಕಿ ಮತ್ತೆ ಸೇದಲು ಶುರುಮಾಡುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅರ್ಧಾಯು ಸುಮಾರು ದುಪ್ಪಟ್ಟು. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳ ಹೊತ್ತಿಗೆ 15 ಗಂಟೆಯ ಆಸುಪಾಸಿಗೂ ಹೋಗಬಹುದು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ದಿನಗಳಲ್ಲಿ ಕೂಡ ಕೆಫೀನ್ ಬಹಳ ಹೊತ್ತು ಉಳಿಯುತ್ತದೆ.

ನಿಮ್ಮ ಲೋಟದಲ್ಲಿ ಎಷ್ಟಿದೆ?

ಅಂತರ್ಜಾಲದಲ್ಲಿ ಸಿಗುವ ಅಂಕಿಗಳು ವಿದೇಶದ ದೊಡ್ಡ ಮಗ್ಗಿನವು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಕೊಟ್ಟಿರುವ ಅಂದಾಜು ಹೆಚ್ಚು ಉಪಯೋಗಕ್ಕೆ ಬರುತ್ತದೆ. 150 ಮಿಲಿಲೀಟರ್‌ನ ಒಂದು ಕಪ್ ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ ಒಟ್ಟು 300 ಮಿಲಿಗ್ರಾಂ ದಾಟಬೇಡಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಆದರೆ ಫಿಲ್ಟರ್ ಕಾಫಿಯಲ್ಲಿ ಪುಡಿ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಅಂಗಡಿಯಲ್ಲಿ ಪುಡಿ ಮಾಡಿಸುವಾಗ ನಾವು ಎರಡು ತೀರ್ಮಾನ ಮಾಡಿರುತ್ತೇವೆ, ಅರಿವಿಲ್ಲದೆಯೇ. ಒಂದು, ಅರೇಬಿಕಾ ಎಷ್ಟು ರೊಬಸ್ಟಾ ಎಷ್ಟು. ಇನ್ನೊಂದು, ಚಿಕೋರಿ ಎಷ್ಟು. ರೊಬಸ್ಟಾ ಬೀಜದಲ್ಲಿ ತೂಕದ ಶೇ. 2ಕ್ಕಿಂತ ಹೆಚ್ಚು ಕೆಫೀನ್ ಇರುತ್ತದೆ, ಅರೇಬಿಕಾದಲ್ಲಿ ಶೇ. 1.2ರ ಆಸುಪಾಸು. ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು. ಚಿಕೋರಿ ಒಂದು ಗಿಡದ ಹುರಿದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಒಂದು ಮನೆಯ ಲೆಕ್ಕ ನೋಡೋಣ. 20 ಗ್ರಾಂ ಪುಡಿ ಹಾಕಿ ಇಳಿಸಿದ ಡಿಕಾಕ್ಷನ್‌ನಲ್ಲಿ ಮೂರು ಲೋಟ ಕಾಫಿ ಆಗುತ್ತದೆ ಎಂದಿಟ್ಟುಕೊಳ್ಳಿ. ಪುಡಿ 70:30, ಅಂದರೆ 14 ಗ್ರಾಂ ಕಾಫಿ, 6 ಗ್ರಾಂ ಚಿಕೋರಿ. ಕಾಫಿ ಪೂರ್ತಿ ರೊಬಸ್ಟಾ ಆಗಿದ್ದರೆ, ಶೇ. 2.2ರ ಲೆಕ್ಕದಲ್ಲಿ, ಅದರಲ್ಲಿ ಸುಮಾರು 308 ಮಿಲಿಗ್ರಾಂ ಕೆಫೀನ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಡಿಕಾಕ್ಷನ್‌ಗೆ ಇಳಿಯಿತು ಎಂದರೆ ಲೋಟಕ್ಕೆ ಸುಮಾರು 80 ಮಿಲಿಗ್ರಾಂ. ಅದೇ ಪುಡಿ ಪೂರ್ತಿ ಅರೇಬಿಕಾ ಆಗಿದ್ದರೆ ಲೋಟಕ್ಕೆ 45. ಚಿಕೋರಿಯೇ ಇಲ್ಲದ ಪೂರ್ತಿ ರೊಬಸ್ಟಾ ಆಗಿದ್ದರೆ 117. ಒಂದೇ ಫಿಲ್ಟರ್, ಒಂದೇ ಲೋಟ, ಒಂದೇ ಚಮಚ, ಆದರೂ ಎರಡೂವರೆ ಪಟ್ಟು ವ್ಯತ್ಯಾಸ.

ಇಲ್ಲಿ ಒಂದು ಹಳೆಯ ನಂಬಿಕೆ ತಲೆಕೆಳಗಾಗುತ್ತದೆ. ಕಪ್ಪಗೆ, ಗಟ್ಟಿಯಾಗಿ, ಕಹಿಯಾಗಿ ಇಳಿದ ಡಿಕಾಕ್ಷನ್ ನೋಡಿ "ಸ್ಟ್ರಾಂಗ್ ಇದೆ" ಎನ್ನುತ್ತೇವೆ. ಆ ಕಪ್ಪು ಬಣ್ಣ ಮತ್ತು ಮಂದ ಹೆಚ್ಚಾಗಿ ಚಿಕೋರಿಯದು. ಚಿಕೋರಿ ಹೆಚ್ಚಾದಷ್ಟೂ ಬಣ್ಣ ಏರುತ್ತದೆ, ಕೆಫೀನ್ ಇಳಿಯುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ, ಪ್ಯಾಕೆಟ್ ಮೇಲೆ ಪ್ರಮಾಣ ಮುದ್ರಿಸಿರುತ್ತಾರೆ. ಬಿಡಿಯಾಗಿ ಮಾಡಿಸುವವರು ಅಂಗಡಿಯವರನ್ನೇ ಕೇಳಬಹುದು.

ಹಾಲು ಹೆಚ್ಚು ಹಾಕಿದರೆ ಕೆಫೀನ್ ಸಾಯುತ್ತದೆ ಎನ್ನುವುದೂ ನಿಜವಲ್ಲ. ಲೋಟದಲ್ಲಿ ಡಿಕಾಕ್ಷನ್‌ನ ಜಾಗವನ್ನು ಹಾಲು ಹಿಡಿದರೆ ಡಿಕಾಕ್ಷನ್ ಕಡಿಮೆಯಾಗಿ ಕೆಫೀನ್ ಕಡಿಮೆಯಾಗುತ್ತದೆ, ಅಷ್ಟೇ. ಮೊದಲ ಡಿಕಾಕ್ಷನ್ ತೆಗೆದ ಪುಡಿಗೆ ಮತ್ತೆ ಬಿಸಿನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್‌ನಲ್ಲಿ ಮಾತ್ರ ನಿಜವಾಗಿಯೂ ಕೆಫೀನ್ ಕಮ್ಮಿ, ಏಕೆಂದರೆ ಬಹುಪಾಲು ಮೊದಲ ಸಲವೇ ಇಳಿದಿರುತ್ತದೆ.

ಟೀ ಬಗ್ಗೆ ಒಂದು ಮಾತು ಸಾಕು. ತೂಕಕ್ಕೆ ತೂಕ ನೋಡಿದರೆ ಟೀ ಪುಡಿಯಲ್ಲಿ ಕಾಫಿಪುಡಿಗಿಂತ ಹೆಚ್ಚು ಕೆಫೀನ್ ಇರುತ್ತದೆ, ಆದರೆ ಲೋಟಕ್ಕೆ ಹಾಕುವುದು ಎರಡು ಗ್ರಾಂ ಚಿಲ್ಲರೆ ಪುಡಿ ಮಾತ್ರ. ಹೋಟೆಲಿನಲ್ಲಿ ಕುದಿಸಿ ಕುದಿಸಿ ಕೊಡುವ ಡಸ್ಟ್ ಟೀ ಮೇಲಿನ ಅಂದಾಜಿನ ಎತ್ತರದ ಕಡೆಗೆ ಇರುತ್ತದೆ, ಮನೆಯ ತೆಳು ಟೀ ಕೆಳಗಡೆಗೆ.

ಒಬ್ಬ ಮೇಷ್ಟ್ರ ದಿನ

ಈ ಎರಡನ್ನೂ, ಅಂದರೆ ಲೋಟದ ಪ್ರಮಾಣ ಮತ್ತು ಅರ್ಧಾಯುವನ್ನು, ಸೇರಿಸಿ ನೋಡಲು ಚನ್ನರಾಯಪಟ್ಟಣದ ಒಬ್ಬ ಹೈಸ್ಕೂಲ್ ಮೇಷ್ಟ್ರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 52. ಬೆಳಿಗ್ಗೆ ಆರಕ್ಕೆ ಮನೆಯ ಕಾಫಿ, ಮೇಲಿನ ಲೆಕ್ಕದ 80 ಮಿಲಿಗ್ರಾಂ. ಹತ್ತೂಮುಕ್ಕಾಲಿಗೆ ಸ್ಟಾಫ್ ರೂಮಿನ ಟೀ, 40. ಸಂಜೆ ಶಾಲೆಯಿಂದ ಬಂದು ನಾಲ್ಕೂಮುಕ್ಕಾಲಿಗೆ ಮತ್ತೆ ಕಾಫಿ, 80. ಏಳಕ್ಕೆ ವಾಕಿಂಗ್ ಮುಗಿಸಿ ಸ್ನೇಹಿತರ ಜೊತೆ ಅಂಗಡಿ ಟೀ, 40. ಒಟ್ಟು 240, ಮಾರ್ಗಸೂಚಿಯ ಮಿತಿಯೊಳಗೇ ಇದೆ. ಹತ್ತೂವರೆಗೆ ಮಲಗುತ್ತಾರೆ, ಐದು ನಿಮಿಷದಲ್ಲಿ ಗೊರಕೆಯಿಲ್ಲದ ನಿದ್ದೆ. ಆದರೆ ವಾರದಲ್ಲಿ ಐದಾರು ದಿನ ರಾತ್ರಿ ಎರಡೂವರೆ ಹೊತ್ತಿಗೆ ಎಚ್ಚರ. ಎದ್ದು ಮೂತ್ರಕ್ಕೆ ಹೋಗಿ ಬಂದರೆ ಮುಕ್ಕಾಲು ಗಂಟೆ ನಿದ್ದೆ ಇಲ್ಲ.

ಅರ್ಧಾಯು 5 ಗಂಟೆ ಎಂದಿಟ್ಟುಕೊಂಡರೆ, ಹತ್ತೂವರೆಗೆ ಬೆಳಗಿನ ಕಾಫಿಯದು ಉಳಿದಿರುವುದು 8 ಮಿಲಿಗ್ರಾಂ, ಸ್ಟಾಫ್ ರೂಮ್ ಟೀಯದು ಇನ್ನೊಂದು 8. ಸಂಜೆಯ ಕಾಫಿಯದು 36, ಏಳರ ಟೀಯದು 25. ಕೂಡಿಸಿದರೆ 77. ಅಂದರೆ ಹಾಸಿಗೆಗೆ ಹೋಗುವ ಮುನ್ನ ಒಂದು ಲೋಟ ಕಾಫಿ ಕುಡಿದವರ ಮೈಯಲ್ಲಿ ಎಷ್ಟಿರುತ್ತದೋ ಅಷ್ಟು. "ಮಲಗೋ ಮುಂಚೆ ನಾನು ಕಾಫಿ ಕುಡಿಯಲ್ಲಪ್ಪ" ಎಂದು ಮೇಷ್ಟ್ರು ಹೇಳಿದರೆ ಅದು ನಿಜವೇ, ಆದರೆ ಲೆಕ್ಕ ಬೇರೆ ಹೇಳುತ್ತಿದೆ. ರಾತ್ರಿ ಎರಡೂವರೆಗೆ ಕೂಡ 44 ಮಿಲಿಗ್ರಾಂ ಉಳಿದಿರುತ್ತದೆ. ಮೊದಲ ಮೂರು ಗಂಟೆ ದಣಿವಿನ ಬಲದಲ್ಲಿ ನಿದ್ದೆ ಎಳೆದಿದೆ. ಅಷ್ಟರಲ್ಲಿ ದಣಿವಿನ ಸಾಲ ಅರ್ಧ ತೀರಿರುತ್ತದೆ, ಉಳಿದ ಅರ್ಧಕ್ಕೆ ಕೆಫೀನ್ ಅಡ್ಡ ನಿಂತಿರುತ್ತದೆ. ಎಚ್ಚರ ನಡುರಾತ್ರಿಯಲ್ಲಿ ಆಗುವುದಕ್ಕೆ ಇದೊಂದು ಕಾರಣ.

ಮೇಷ್ಟ್ರ ಯಕೃತ್ತು ಚುರುಕಾಗಿದ್ದು ಅರ್ಧಾಯು 3 ಗಂಟೆ ಆಗಿದ್ದರೆ ಮಲಗುವಾಗ ಉಳಿದಿರುವುದು 43. ನಿಧಾನವಾಗಿದ್ದು 7 ಗಂಟೆ ಆಗಿದ್ದರೆ 102. ಅವರದು ಎಷ್ಟು ಎಂದು ಯಾರೂ ಹೊರಗಿನಿಂದ ಹೇಳಲಾರರು. ಅದಕ್ಕೇ ಪರೀಕ್ಷೆ ಮಾಡಿ ನೋಡಬೇಕಾಗುತ್ತದೆ.

ನಿಮ್ಮ ಗಡಿ ಹುಡುಕುವ ಬಗೆ

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ಏನೇನು ಎಷ್ಟು ಗಂಟೆಗೆ ಕುಡಿದಿರಿ ಎಂಬುದನ್ನು ಆಗಲೇ ಬರೆಯಿರಿ. ಬೆಳಿಗ್ಗೆ ಎದ್ದ ಹತ್ತು ನಿಮಿಷದೊಳಗೆ ಮೂರು ವಿಷಯ ಬರೆದರೆ ಸಾಕು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಒಟ್ಟು ಎಷ್ಟು ಹೊತ್ತು ಎಚ್ಚರವಿದ್ದಿರಿ ಎಂಬ ಅಂದಾಜು, ಎದ್ದಾಗ ಮೈ ಹೇಗಿತ್ತು ಎಂಬುದಕ್ಕೆ ಐದರಲ್ಲಿ ಒಂದು ಅಂಕ. ಎಷ್ಟು ಬೇಗ ನಿದ್ದೆ ಬಂತು ಎಂಬುದನ್ನು ನೆಚ್ಚಬೇಡಿ, ಅದು ಮೋಸ ಮಾಡುವ ಅಳತೆ. ಬೇಗ ನಿದ್ದೆ ಬರುವುದು ನಿದ್ದೆಗೆಟ್ಟವರ ಲಕ್ಷಣವೂ ಹೌದು.

ಡೈರಿ ಪೂರ್ತಿ ನಂಬಿಕೆಗೆ ಅರ್ಹವಲ್ಲ ಎಂದು ಮೇಲೆ ಹೇಳಿಯಾಯಿತು, ಹಾಗಿದ್ದೂ ಡೈರಿ ಬರೆಯಿರಿ ಎನ್ನುವುದು ಏಕೆ? ಪ್ರಯೋಗಶಾಲೆಯ ಯಂತ್ರ ನಮ್ಮ ಬಳಿ ಇಲ್ಲ, ಕೈಗಡಿಯಾರದ ಸ್ಲೀಪ್ ಟ್ರ್ಯಾಕರ್‌ಗಳು ಒಟ್ಟು ಹೊತ್ತನ್ನು ಒಂದು ಮಟ್ಟಿಗೆ ಹೇಳಿದರೂ ಗಾಢ ನಿದ್ದೆಯ ಲೆಕ್ಕದಲ್ಲಿ ಎಡವುತ್ತವೆ. ಡೈರಿ ಒಂದು ರಾತ್ರಿಯ ಸಣ್ಣ ನಷ್ಟ ಹಿಡಿಯಲಾರದು. ಏಳು ರಾತ್ರಿಯ ಎಚ್ಚರಗಳನ್ನು ಇನ್ನೊಂದು ಏಳು ರಾತ್ರಿಯ ಜೊತೆ ಹೋಲಿಸಲು ಸಾಕು.

ಎರಡನೇ ಹೆಜ್ಜೆಯಲ್ಲಿ ಮಧ್ಯಾಹ್ನ ಹನ್ನೆರಡರ ನಂತರದ ಎಲ್ಲ ಕೆಫೀನ್ ನಿಲ್ಲಿಸಿ, ಹನ್ನೊಂದು ದಿನ. ಕೋಲಾ, ಕೆಲವು ತಲೆನೋವಿನ ಮಾತ್ರೆಗಳು ಕೂಡ ಇದರಲ್ಲಿ ಸೇರುತ್ತವೆ, ಮಾತ್ರೆಯ ಹಾಳೆಯ ಮೇಲೆ ಓದಿ ನೋಡಿ. ಮೊದಲ ನಾಲ್ಕು ದಿನದ ಬರಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ರೂಢಿಯ ಕೆಫೀನ್ ತಪ್ಪಿದಾಗ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು, ಜಡ, ಸಿಡಿಮಿಡಿ ಶುರುವಾಗಿ ಎರಡನೇ ದಿನದ ಹೊತ್ತಿಗೆ ಜೋರಾಗುತ್ತದೆ. ಕೆಲವರಿಗೆ ವಾರವಿಡೀ ಇರಬಹುದು. ಬಹಳ ಜನ ಮೂರನೇ ದಿನಕ್ಕೆ "ಕಾಫಿ ಬಿಟ್ಟರೆ ನನಗೆ ಆಗಲ್ಲ" ಎಂದು ಕೈಬಿಡುವುದು ಇದರಿಂದಲೇ. ಬೆಳಗಿನ ಲೋಟ ಉಳಿಸಿಕೊಂಡಿರುವುದರಿಂದ ಇಲ್ಲಿ ಕಷ್ಟ ಕಡಿಮೆ. ದಿನಕ್ಕೆ ಆರೇಳು ಲೋಟ ಕುಡಿಯುವವರು ಮಾತ್ರ ಒಂದೇ ಸಲಕ್ಕೆ ನಿಲ್ಲಿಸದೆ ಎರಡು ದಿನಕ್ಕೊಂದು ಲೋಟ ಇಳಿಸುತ್ತಾ ಬರುವುದು ಒಳ್ಳೆಯದು.

ಮೇಷ್ಟ್ರ ಪುಸ್ತಕದಲ್ಲಿ ಹೀಗಿರಬಹುದು. ಮೊದಲ ವಾರ ಏಳರಲ್ಲಿ ಆರು ರಾತ್ರಿ ನಡುರಾತ್ರಿ ಎಚ್ಚರ. ಮಧ್ಯಾಹ್ನದ ನಂತರ ನಿಲ್ಲಿಸಿದ ಮೇಲಿನ ಏಳು ದಿನದಲ್ಲಿ ಎರಡು ರಾತ್ರಿ. ಈ ವ್ಯತ್ಯಾಸ ದೊಡ್ಡದು, ನಂಬಬಹುದು. ವ್ಯತ್ಯಾಸವೇ ಕಾಣದಿದ್ದರೆ, ಅಂದರೆ ಆರು ಇದ್ದದ್ದು ಐದಾದರೆ, ನಿಮ್ಮ ನಿದ್ದೆಯ ತೊಂದರೆಗೆ ಕಾರಣ ಸಂಜೆಯ ಕಾಫಿಯಲ್ಲ ಎಂದು ತಿಳಿದು ಖುಷಿಯಿಂದ ಲೋಟ ವಾಪಸ್ ತೆಗೆದುಕೊಳ್ಳಬಹುದು.

ವ್ಯತ್ಯಾಸ ಕಂಡವರಿಗೆ ಮೂರನೇ ಹೆಜ್ಜೆ. ಈಗ ಒಂದೊಂದಾಗಿ ವಾಪಸ್ ತನ್ನಿ, ಒಂದು ವಾರಕ್ಕೆ ಒಂದೇ ಬದಲಾವಣೆ. ಮೇಷ್ಟ್ರು ಏಳು ಗಂಟೆಯ ಟೀ ಬಿಟ್ಟು, ನಾಲ್ಕೂಮುಕ್ಕಾಲರ ಕಾಫಿಯನ್ನು ಬೈ ಟೂ ಮಾಡಿ ಹೆಂಡತಿಯ ಜೊತೆ ಹಂಚಿಕೊಂಡರು ಎನ್ನೋಣ. ಆ ವಾರ ಮೂರು ರಾತ್ರಿ ಎಚ್ಚರ. ಎರಡಕ್ಕೂ ಮೂರಕ್ಕೂ ವ್ಯತ್ಯಾಸವಿದೆ ಎಂದು ಹೇಳಲಾಗದು, ಅದು ಸೊಳ್ಳೆಯೂ ಇರಬಹುದು. ಮುಂದಿನ ವಾರ ಪೂರ್ತಿ ಲೋಟ ಕುಡಿದರು, ಐದು ರಾತ್ರಿ ಎಚ್ಚರ. ಅಲ್ಲಿಗೆ ಗಡಿ ಸಿಕ್ಕಿತು. ಅವರಿಗೆ ನಾಲ್ಕೂಮುಕ್ಕಾಲಿಗೆ 40 ಮಿಲಿಗ್ರಾಂ ಸರಿ, 80 ಸರಿಯಲ್ಲ. ಅರ್ಧ ಲೋಟದಿಂದ ಮಲಗುವಾಗ ಉಳಿಯುವುದು 18 ಮಿಲಿಗ್ರಾಂ. ಪೂರ್ತಿ ಲೋಟವೇ ಬೇಕು ಎಂದರೆ ಅವರು ಅದನ್ನು ಐದು ಗಂಟೆ ಹಿಂದಕ್ಕೆ, ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ ತರಬೇಕು. ಅರ್ಧ ಪ್ರಮಾಣವೂ ಒಂದು ಅರ್ಧಾಯುವಷ್ಟು ಹೊತ್ತೂ ಒಂದೇ ಬೆಲೆ. ನನ್ನ ಮಟ್ಟಿಗೆ ಸಂಜೆಯ ಕಾಫಿಯನ್ನು ಪೂರ್ತಿ ಬಿಡುವುದಕ್ಕಿಂತ ಬೈ ಟೂ ಮಾಡುವುದು ಎಷ್ಟೋ ಸುಲಭ, ಬಿಸಿ ಲೋಟ ಕೈಯಲ್ಲಿ ಹಿಡಿದು ಕೂರುವ ಹೊತ್ತು ಕಳೆದುಹೋಗುವುದಿಲ್ಲ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮದುವೆ, ಜಾತ್ರೆ, ರಾತ್ರಿ ಪ್ರಯಾಣ, ಮದ್ಯ ಸೇವಿಸಿದ ದಿನ ಇವೆಲ್ಲ ವಾರದ ಲೆಕ್ಕವನ್ನು ಹಾಳು ಮಾಡುತ್ತವೆ, ಆ ರಾತ್ರಿಗಳನ್ನು ಹೊಡೆದುಹಾಕಿ ಒಂದೆರಡು ದಿನ ಮುಂದುವರಿಸಿ. ಎರಡನೆಯದು ಮನಸ್ಸಿನದು. ಕಾಫಿ ಕುಡಿಯಲಿಲ್ಲ, ಇವತ್ತು ನಿದ್ದೆ ಬಂದೇ ಬರುತ್ತದೆ ಎಂಬ ನಂಬಿಕೆಯೇ ಡೈರಿಯ ಅಂಕವನ್ನು ಏರಿಸಬಹುದು. ಇದಕ್ಕೆ ಫಿಲ್ಟರ್ ಕಾಫಿ ಮನೆಗಳಲ್ಲಿ ಒಂದು ಚೆಂದದ ಉಪಾಯವಿದೆ. ಕಾಫಿಪುಡಿ ಅಂಗಡಿಯಲ್ಲಿ ಕೇಳಿ ಬರೀ ಚಿಕೋರಿ ಪುಡಿ ತಂದು ಬೇರೆ ಡಿಕಾಕ್ಷನ್ ಇಳಿಸಿ. ಕೆಲವು ದಿನ ಪೂರ್ತಿ ಕಾಫಿ, ಕೆಲವು ದಿನ ಮುಕ್ಕಾಲು ಪಾಲು ಚಿಕೋರಿ ಡಿಕಾಕ್ಷನ್‌ಗೆ ಒಂದಿಷ್ಟು ಕಾಫಿ ಡಿಕಾಕ್ಷನ್ ಬೆರೆಸಿದ್ದು, ಯಾವ ದಿನ ಯಾವುದು ಎಂಬುದು ಮಾಡಿಕೊಡುವವರಿಗೆ ಮಾತ್ರ ಗೊತ್ತಿರಲಿ. ಹಾಲು ಸಕ್ಕರೆ ಇದ್ದಾಗ ರುಚಿಯ ವ್ಯತ್ಯಾಸ ಸ್ವಲ್ಪ ಮರೆಯಾಗುತ್ತದೆ. ಕೊನೆಗೆ ಇಬ್ಬರ ಚೀಟಿಗಳನ್ನೂ ಜೋಡಿಸಿ ನೋಡಿ. ನಾಲಿಗೆ ಚುರುಕಾದವರು ಕಂಡುಹಿಡಿದುಬಿಡುತ್ತಾರೆ ಎಂಬುದೊಂದೇ ಇದರ ದೋಷ.

ಮಧ್ಯಾಹ್ನದ ತೂಕಡಿಕೆಗೆ ಏನು ಮಾಡುವುದು?

ಮುದ್ದೆ ಉಂಡ ಮೇಲೆ ಎರಡರಿಂದ ನಾಲ್ಕರವರೆಗೆ ಬರುವ ಜೊಂಪಿನಲ್ಲಿ ಊಟದ ಪಾಲು ಒಂದಿಷ್ಟು, ದೇಹದ ಗಡಿಯಾರದ ಪಾಲು ಇನ್ನೊಂದಿಷ್ಟು. ಊಟ ಮಾಡದವರಿಗೂ ಆ ಹೊತ್ತಿಗೆ ಚುರುಕು ಕುಗ್ಗುತ್ತದೆ. ಆದರೆ ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಅದು ತಡೆಯಲಾರದಷ್ಟಾಗುತ್ತದೆ, ಆಗ ಗಟ್ಟಿ ಕಾಫಿ ಬೇಕೆನಿಸುತ್ತದೆ, ಆ ಕಾಫಿ ಮತ್ತೆ ರಾತ್ರಿಯನ್ನು ಕೆಡಿಸುತ್ತದೆ. ಈ ಸುತ್ತು ವರ್ಷಗಟ್ಟಲೆ ನಡೆಯುತ್ತದೆ, ಮಧ್ಯಾಹ್ನದ ಕಾಫಿ ತನಗೆ ಅನಿವಾರ್ಯ ಎಂದೇ ಆ ಮನುಷ್ಯ ನಂಬಿರುತ್ತಾನೆ. ಹನ್ನೊಂದು ದಿನದ ಪರೀಕ್ಷೆಯ ಕೊನೆಯಲ್ಲಿ ಮಧ್ಯಾಹ್ನದ ತೂಕಡಿಕೆಯೇ ಕಡಿಮೆಯಾಗಿದ್ದರೆ ಈ ಸುತ್ತು ಮುರಿಯಿತು ಎಂದರ್ಥ. ಸಾಧ್ಯವಿರುವವರು ಮೂರು ಗಂಟೆಯೊಳಗೆ ಹದಿನೈದು-ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಕಾಫಿಗಿಂತ ಅಗ್ಗ.

ನೆಂಟರ ಮನೆಯಲ್ಲಿ ಬೇಡ ಎನ್ನುವುದೇ ಕಷ್ಟವಾದರೆ ಮಜ್ಜಿಗೆ, ಜೀರಿಗೆ ಕಷಾಯ, ರಾಗಿ ಮಾಲ್ಟ್ ಕೇಳಬಹುದು. ಚನ್ನರಾಯಪಟ್ಟಣದ ಕಡೆ ಎಳನೀರಿಗೆ ಬರವಿಲ್ಲ. "ಕಷಾಯ" ಎಂದು ಟೀ ಪುಡಿಯನ್ನೂ ಹಾಕಿ ಕುದಿಸುವ ಮನೆಗಳಿವೆ, ಅದೊಂದನ್ನು ಕೇಳಿ ತಿಳಿದುಕೊಳ್ಳಿ. ಗ್ರೀನ್ ಟೀ ಕೂಡ ಟೀಯೇ, ಅದರಲ್ಲೂ ಕೆಫೀನ್ ಇದೆ.

ರಾತ್ರಿ ಪಾಳಿಯವರಿಗೆ, ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ರಾತ್ರಿ ಲಾರಿ, ಬಸ್ಸು ಓಡಿಸುವವರಿಗೆ ಮೇಲಿನ ಗಂಟೆಗಳನ್ನು ಹಾಗೇ ಅನ್ವಯಿಸಬೇಡಿ. ಸ್ಟಿಯರಿಂಗ್ ಹಿಡಿದಾಗ ಎಚ್ಚರವೇ ಮುಖ್ಯ. ಅವರು ಹಿಂದಕ್ಕೆ ಎಣಿಸಬೇಕಾದದ್ದು ತಾವು ಮಲಗುವ ಹೊತ್ತಿನಿಂದ. ಬೆಳಿಗ್ಗೆ ಎಂಟಕ್ಕೆ ಮಲಗುವವರಿಗೆ ರಾತ್ರಿ ಹನ್ನೆರಡರ ಕಾಫಿ ಎಂಟು ಗಂಟೆ ಹಿಂದಿನದು, ಬೆಳಗಿನ ಜಾವ ಐದರ ಟೀ ಮೂರು ಗಂಟೆ ಹಿಂದಿನದು.

ಕಾಫಿಯ ತಪ್ಪಲ್ಲದಾಗ

ಎಲ್ಲ ನಡುರಾತ್ರಿಯ ಎಚ್ಚರವನ್ನೂ ಕೆಫೀನ್‌ಗೆ ಕಟ್ಟಬಾರದು. ಜೋರಾದ ಗೊರಕೆ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಏಳುವುದು, ಎಂಟು ಗಂಟೆ ಮಲಗಿದರೂ ಹಗಲಲ್ಲಿ ಕೂತಲ್ಲೇ ನಿದ್ದೆ ಹೋಗುವುದು ಇದ್ದರೆ ಅದು ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರಬಹುದು. ಲೋಟ ಬಿಟ್ಟರೆ ಅದು ಹೋಗುವುದಿಲ್ಲ, ವೈದ್ಯರಿಗೆ ತೋರಿಸಬೇಕು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ ಕಾಯಿಲೆ, ಗಂಡಸರಾದರೆ ಪ್ರಾಸ್ಟೇಟ್ ಪರೀಕ್ಷೆ ಮಾಡಿಸುವುದು ಮೊದಲು. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಗರ್ಭಿಣಿಯರು ಈ ಪ್ರಯೋಗದ ಗೋಜಿಗೆ ಹೋಗದೆ ದಿನದ ಒಟ್ಟು ಕೆಫೀನನ್ನೇ 200 ಮಿಲಿಗ್ರಾಂನೊಳಗೆ ಇಟ್ಟುಕೊಳ್ಳಬೇಕು, ಅಂದರೆ ಮೇಲೆ ಲೆಕ್ಕ ಹಾಕಿದ ಮನೆಯ ಕಾಫಿಯಾದರೆ ಹೆಚ್ಚೆಂದರೆ ಎರಡು ಲೋಟ, ಅದೂ ಬೆಳಗಿನ ಹೊತ್ತು.